ಪಲ್ಲವಿ ಅಳಬಾರದು

ಪ್ರಶ್ನೆ: ನಮ್ಮಪ್ಪಗ ಕೊನೇ ದಿನಗಳಲ್ಲಿ ಉಸಿರಾಟದ ತೊಂದರೆ ಇತ್ತು. ಮನೆಯಲ್ಲೇ ಆಕ್ಸಿಜನ್ ಮಷಿನ್ ಇಟ್ಟಿದ್ದೆವು. ಚಳಿಯ ರಾತ್ರಿಯಲ್ಲೂ ‘ಕಿಡಕಿ ತೆರಿ ತಮ್ಮಾ’ ಅಂತಿದ್ದರು. ನಾನು ಫೋನ್ ನೋಡ್ತಾ ‘ಥಂಡಿ ಐತಿ, ಸುಮ್ನ ಮಲಕೋ’ ಅಂದಿದ್ದೆ. ಅವರ ಮೇಲೆ ಭಾವಗೀತೆ ಬರೆದೆ. ಪಲ್ಲವಿ ‘ಕಣ್ಣೀರ ಕಡಲಲ್ಲಿ ಮುಳುಗಿಹುದು ನನ್ನೆದೆಯು’. ಕೇಳಿದವರು ಬರೀ ಗೋಳು ಅಂತಾರೆ. ಹೆಂಗ ತಿದ್ದಲಿ?
– ಓದುಗ, ಜಮಖಂಡಿ

ಉತ್ತರ: ನಿಮ್ಮ ಸಾಲಿನ ಲಯ ಸರಿಯಾಗಿದೆ. ಐದು ಮಾತ್ರೆಯ ನಾಲ್ಕು ಗಣ, ಎಲ್ಲೂ ಎಡವಿಲ್ಲ. ಆದರೆ ಅದು ಯಾರ ಅಪ್ಪ ಸತ್ತರೂ ಹೊಂದುತ್ತದೆ. ನಿಮ್ಮಪ್ಪ ಅದರಲ್ಲಿ ಇಲ್ಲ. ಅವರು ಇರುವುದು ನಿಮ್ಮ ಪತ್ರದಲ್ಲಿ!

ಪಲ್ಲವಿ ಮೂರು ನಾಲ್ಕು ಸಲ ಬರುತ್ತದೆ. ಅದೇ ಅಳುತ್ತಿದ್ದರೆ ಎರಡನೇ ಸಲಕ್ಕೆ ಕೇಳುವವರಿಗೆ ಸಾಕಾಗುತ್ತದೆ. ಹಾಗಾಗಿ ಅಲ್ಲಿ ದಿನನಿತ್ಯದ ಮಾತು ಇಡಿ: ‘ಕಿಡಕಿ ತೆರಿ ತಮ್ಮಾ’. ಮಾತು ಬದಲಾಗುವುದಿಲ್ಲ, ಚರಣಗಳು ಅದರ ಅರ್ಥ ಬದಲಿಸುತ್ತವೆ.

ಮೊದಲ ಚರಣದಲ್ಲಿ ಅಪ್ಪ ಗಟ್ಟಿಯಾಗಿರಲಿ. ಬೇಸಿಗೆ, ಸೆಕೆ, ಸ್ವಲ್ಪ ಸಿಟ್ಟು. ಕಿಡಕಿ ತೆರಿ ಅನ್ನುವುದು ಅಲ್ಲಿ ಬರೀ ಅಪ್ಪಣೆ. ಎರಡನೆಯದು ಕಾಯಿಲೆಯ ರಾತ್ರಿ. ಉದಾಹರಣೆಗೆ ಹೀಗೆ:

ಮಾಗಿ ಚಳಿ, ಮಷಿನಿನದು ಗುಂಯ್‌ಗುಡುವ ಸದ್ದು,
ಥಂಡಿ, ಮಲಕೋ ಅಂದೆ, ಫೋನು ನೋಡುತ ನಾನು.

ಫೋನಿನ ಮಾತು ಬಿಡಬೇಡಿ. ದುಃಖಕ್ಕೆ ಹೊಂದದ ಇಂಥ ವಿವರ ಇದ್ದಾಗಲೇ ಉಳಿದದ್ದನ್ನೂ ಜನ ನಂಬುತ್ತಾರೆ. ಉಸಿರು ಕಟ್ಟಿದವರಿಗೆ ಮುಖದ ಮೇಲೆ ಗಾಳಿ ಆಡಿದರೆ ತುಸು ಹಗುರ ಅನಿಸುತ್ತದೆ. ಅಪ್ಪ ಕೇಳಿದ್ದು ಬಹುಶಃ ಅದನ್ನೇ. ಇದು ನಿಮಗೆ ಗೊತ್ತಿರಲಿ, ಹಾಡಿನಲ್ಲಿ ವಿವರಿಸಬೇಡಿ.

ಮೂರನೇ ಚರಣದಲ್ಲೇ ಜಾಸ್ತಿ ಜನ ಜಾರುವುದು. ‘ನಾ ಪಾಪಿ, ಕ್ಷಮಿಸಪ್ಪಾ’ ಅಂತ ಬರೆಯುವ ಆಸೆ ಆಗುತ್ತದೆ. ಅದೂ ಗೋಳೇ. ಇಷ್ಟು ಹೊತ್ತು ಅಪ್ಪನನ್ನು ನೋಡುತ್ತಿದ್ದ ಹಾಡು ಆಗ ನಿಮ್ಮ ಕಡೆ ತಿರುಗಿಬಿಡುತ್ತದೆ. ಅದರ ಬದಲು ಆಮೇಲಿನ ಕೆಲಸ ಹೇಳಿ. ಮಷಿನ್ ವಾಪಸ್ ಕೊಟ್ಟಿದ್ದು, ಕೌದಿ ಒಗೆದಿದ್ದು, ಕಿಡಕಿ ತೆರೆದಿದ್ದು. ಅಷ್ಟಾದ ಮೇಲೆ ಪಲ್ಲವಿ ಬರಲಿ.

ಲಯದ ಒಂದು ತೊಡಕು ಇದೆ. ‘ಕಿಡಕಿ ತೆರಿ’ ಐದು ಮಾತ್ರೆ, ‘ತಮ್ಮಾ’ ನಾಲ್ಕೇ. ಆ ಜಾಗ ತುಂಬಲು ‘ಓ’, ‘ಹಾ’ ಸೇರಿಸಬೇಡಿ. ಹಾಡುವವರು ಅಲ್ಲಿ ಉಸಿರು ತೆಗೆದುಕೊಳ್ಳಲಿ. ಹಾರ್ಮೋನಿಯಂ ನುಡಿಸುವವರಿಗೂ ಮೊದಲೇ ಹೇಳಿ: ಪಲ್ಲವಿಯನ್ನು ಎಳೆಯಬಾರದು, ಮಾತಿನ ವೇಗದಲ್ಲೇ ಹೋಗಬೇಕು. ಪದ ಅಳದಿದ್ದರೆ ರಾಗ ಅಳಿಸಲು ನೋಡುತ್ತದೆ, ಅಲ್ವಾ?

ಬರೆದ ಮೇಲೆ ಅಪ್ಪನನ್ನು ಕಾಣದ ಯಾರಿಗಾದರೂ ಎರಡೇ ಚರಣ ಓದಿ ನಿಲ್ಲಿಸಿ. ಅವರು ‘ಪಾಪ’ ಅಂದು ಸುಮ್ಮನಾದರೆ ಇನ್ನೂ ತಿದ್ದಬೇಕು. ‘ಆಮ್ಯಾಲೆ ಕಿಡಕಿ ತೆರದ್ರೇನು?’ ಅಂತ ಕೇಳಿದರೆ ಮೂರನೇ ಚರಣ ಓದಿ.