ಬಿ1 ಇಂದ ಬಿ2ಗೆ ಎಷ್ಟು ತಿಂಗಳು?

"ಇಂಗ್ಲಿಷ್ ಬಿ1 ಆಗಿದೆ, ಮೂಡಿಗೆರೆಲಿ ಮನೇಲೇ ಕೂತು ವಾರಕ್ಕೆ 5 ಗಂಟೆ ಓದ್ತೀನಿ, ಬಿ2ಗೆ ಎಷ್ಟು ತಿಂಗಳು ಹಿಡಿಯುತ್ತೆ?"

ನಮಸ್ಕಾರ, ನಾನು ಹಾಸನದಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳ್ಕೊಡ್ತೀನಿ. ಬಿ1, ಬಿ2 ಅನ್ನೋದು ಭಾಷೆ ಎಷ್ಟು ಬರುತ್ತೆ ಅಂತ ಅಳೆಯೋ ಮಟ್ಟಗಳು, ಬಿ1 ಆದ್ಮೇಲಿನ ಮೆಟ್ಟಿಲೇ ಬಿ2. ಇಂಗ್ಲಿಷ್ ಪರೀಕ್ಷೆ ನಡೆಸೋ ಕೇಂಬ್ರಿಡ್ಜ್‌ನವ್ರ ಅಂದಾಜಲ್ಲಿ ಮೊದಲಿಂದ ಶುರು ಮಾಡಿದ್ರೆ ಬಿ1ಗೆ 350-400 ಗಂಟೆ, ಬಿ2ಗೆ 500-600, ಅಂದ್ರೆ ನಿಮಗೆ ಉಳಿದಿರೋದು ಹತ್ತಿರತ್ತಿರ 150ರಿಂದ 200 ಗಂಟೆ. ಅದು ಮೇಷ್ಟ್ರ ಪಾಠ, ಅವ್ರು ಕೊಡೋ ಹೋಂವರ್ಕ್ ಎರಡೂ ಸೇರಿದ ಗಂಟೆ ಕಣ್ರೀ, ಹಾಗಾಗಿ ಮೇಷ್ಟ್ರಿಲ್ಲದೆ ಒಬ್ಬರೇ ಓದೋರು ಕಮ್ಮಿ ಅಂದ್ರೂ 200 ಅಂತಾನೇ ಹಿಡೀಬೇಕು. 200ನ್ನ 5ರಿಂದ ಭಾಗಿಸಿದ್ರೆ 40 ವಾರ, ತಿಂಗಳಿಗೆ 4.3 ವಾರ ಅಂತ ಲೆಕ್ಕ ಹಾಕಿದ್ರೆ 9 ತಿಂಗಳು ಚಿಲ್ಲರೆ.

ಆದ್ರೆ ಎಲ್ರೂ ಎಡವೋದು ಇಲ್ಲೇ, ವರ್ಷ ಪೂರ್ತಿ 5 ಗಂಟೆ ಸಿಗಲ್ಲ. ತೋಟ ಇದ್ರೆ ಡಿಸೆಂಬರ್‌ನಿಂದ ಫೆಬ್ರವರಿ ಕಾಫಿ ಕೊಯ್ಲು, ಆ 12 ವಾರ ವಾರಕ್ಕೆ 2 ಗಂಟೆ ಸಿಕ್ಕಿದ್ರೆ ಆಗೋದು ಬರೀ 24 ಗಂಟೆ, ಮಿಕ್ಕ 176ಕ್ಕೆ ಇನ್ನೂ 35 ವಾರ, ಒಟ್ಟು 47 ವಾರ ಅಂದ್ರೆ 11 ತಿಂಗಳು. ನನ್ನ ಪ್ರಕಾರ ಪರೀಕ್ಷೆ ಡೇಟ್ ಇದನ್ನ ನೋಡ್ಕೊಂಡೇ ಬುಕ್ ಮಾಡಿ.

ಇನ್ನೊಂದು, ಸಬ್‌ಟೈಟಲ್ ಹಾಕ್ಕೊಂಡು ಸಿನಿಮಾ ನೋಡಿದ್ದನ್ನ ಗಂಟೆಗೆ ಸೇರಿಸ್ಬೇಡಿ. ಎರಡು ತಿಂಗಳಿಗೊಂದ್ಸಲ ಬಿ2 ಮಾದರಿ ಪೇಪರ್ ಟೈಮ್ ಇಟ್ಕೊಂಡು ಬರೀರಿ, ರೀಡಿಂಗ್ ಮಾರ್ಕ್ಸ್ ಏರ್ತಾ ರೈಟಿಂಗ್ ನಿಂತಲ್ಲೇ ನಿಂತಿದ್ರೆ ವಾರದಲ್ಲಿ 2 ಗಂಟೆ ಬರೆಯೋದಕ್ಕೇ ಎತ್ತಿಡಿ, ಬರೆದಿದ್ದನ್ನ ಯಾರ ಹತ್ರನಾದ್ರೂ ತಿದ್ದಿಸ್ಕೊಳ್ಳಿ.