ಅಪ್ಪನ ಆನ್‌ಲೈನ್ ಖಾತೆಗಳ ಪಟ್ಟಿ: ಪಾಸ್‌ವರ್ಡ್‌ಗಿಂತ ಮೊದಲು ಫೋನ್, ಸಿಮ್, ಮೇಲ್

ಪ್ರಶ್ನೆ: ಅಪ್ಪನ ಬ್ಯಾಂಕು, ಇನ್ಶೂರೆನ್ಸು, ಕರೆಂಟ್ ಬಿಲ್ಲು, ಫೋಟೋ ಎಲ್ಲಾ ಅವರ ಫೋನಲ್ಲೇ ಇದೆ. ಅಮ್ಮನಿಗೆ ಏನೂ ಗೊತ್ತಿಲ್ಲ. ನಾಳೆ ಏನಾದರೂ ಆದರೆ ಅಂತ ಪಾಸ್‌ವರ್ಡ್‌ಗಳನ್ನೆಲ್ಲ ಒಂದು ಎಕ್ಸೆಲ್‌ನಲ್ಲಿ ಬರೆದಿಟ್ಟರೆ ಸಾಕಾ?

ಸಾಲದು. ಪಾಸ್‌ವರ್ಡ್ ಸರಿಯಾಗಿ ಹಾಕಿದರೂ ಹೆಚ್ಚಿನ ಕಡೆ ಓಟಿಪಿ ಕೇಳುತ್ತದೆ, ಅದು ಬರುವುದು ಅಪ್ಪನ ನಂಬರಿಗೆ. ಆದ್ದರಿಂದ ಮೊದಲ ಹಾಳೆಯಲ್ಲಿ ಮೂರೇ ಸಂಗತಿ ಬರೆಯಿರಿ: ಫೋನಿನ ಲಾಕ್, ಸಿಮ್, ಮುಖ್ಯ ಜಿಮೇಲ್. ಈ ಮೂರು ಕೈಯಲ್ಲಿದ್ದರೆ ಉಳಿದ ಎಷ್ಟೋ ಖಾತೆಗಳ ಪಾಸ್‌ವರ್ಡನ್ನು ‘ಮರೆತಿದೆ’ ಎಂದು ಒತ್ತಿ ಹೊಸದಾಗಿ ಹಾಕಿಕೊಳ್ಳಬಹುದು.

ಫೋನಿಗೆ ಅಪ್ಪನ ಬೆರಳಚ್ಚು ಇದೆಯಲ್ಲ ಎಂದು ನೆಚ್ಚಿಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಚಾರ್ಜ್ ಮುಗಿದು ಫೋನ್ ಆಫ್ ಆಯಿತು ಅಂದುಕೊಳ್ಳಿ. ಮತ್ತೆ ಆನ್ ಮಾಡಿದಾಗ ಮೊದಲ ಸಲ ಬೆರಳಚ್ಚು ನಡೆಯುವುದಿಲ್ಲ, ಪಿನ್ ಅಥವಾ ಪ್ಯಾಟರ್ನ್ ಬೇಕೇ ಬೇಕು. ಅದನ್ನು ಬರೆದಿಡಿ. ಸಿಮ್‌ಗೂ ಪ್ರತ್ಯೇಕ ಪಿನ್ ಇಟ್ಟಿದ್ದರೆ ಅದನ್ನೂ ಬರೆಯಿರಿ, ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗುತ್ತದೆ.

ಸಿಮ್ ಯಾರ ಹೆಸರಿನಲ್ಲಿದೆ, ಯಾವ ಕಂಪನಿಯದು, ರೀಚಾರ್ಜ್ ಯಾವಾಗ ಮುಗಿಯುತ್ತದೆ ಎಂಬುದೂ ಹಾಳೆಯಲ್ಲಿರಲಿ. ಮನೆಯವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ‘ಇನ್ನು ಈ ನಂಬರ್ ಯಾಕೆ’ ಎಂದು ರೀಚಾರ್ಜ್ ಬಿಟ್ಟುಬಿಡುತ್ತಾರೆ. ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದಿದ್ದರೆ ಕಂಪನಿ ಅದನ್ನು ರದ್ದು ಮಾಡಬಹುದು, ಆಮೇಲೆ ಅದು ಬೇರೆಯವರ ಪಾಲಾಗುತ್ತದೆ. ಬ್ಯಾಂಕು, ಇನ್ಶೂರೆನ್ಸ್ ಕ್ಲೇಮು ಎಲ್ಲಾ ಮುಗಿಯುವವರೆಗೆ ನಂಬರ್ ಜೀವಂತ ಇರಲೇಬೇಕು.

ಜಿಮೇಲ್‌ಗೆ ಪಾಸ್‌ವರ್ಡ್ ಜೊತೆಗೆ ಬ್ಯಾಕಪ್ ಕೋಡ್‌ಗಳೂ ಬೇಕು. ಅಪ್ಪನ ಫೋನಿನಲ್ಲಿ myaccount.google.com ತೆರೆದು, ಅಲ್ಲಿನ ಹುಡುಕು ಪೆಟ್ಟಿಗೆಯಲ್ಲಿ Backup codes ಎಂದು ಹಾಕಿ. ಎಂಟು ಅಂಕಿಗಳ ಹತ್ತು ಕೋಡ್ ಸಿಗುತ್ತವೆ. ಫೋನ್ ಕಳೆದರೂ ಓಟಿಪಿ ಬದಲು ಇವುಗಳಲ್ಲಿ ಒಂದನ್ನು ಹಾಕಬಹುದು, ಆದರೆ ಒಂದು ಕೋಡ್ ಒಂದೇ ಸಲ ನಡೆಯುತ್ತದೆ. ಹೊಸ ಕೋಡ್ ತೆಗೆದರೆ ಹಳೆಯ ಹಾಳೆ ಪೂರ್ತಿ ರದ್ದು, ಹಾಗಾಗಿ ಮೇಲೆ ತಾರೀಖು ಬರೆಯಿರಿ.

ಫೋಟೋಗಳಿಗಾಗಿ ಇನ್ನೊಂದು ಕೆಲಸ: myaccount.google.com/inactive ಗೆ ಹೋಗಿ ನಿಮ್ಮ ಮೇಲ್ ಮತ್ತು ಮೊಬೈಲ್ ನಂಬರ್ ಸೇರಿಸಿ. ಅಪ್ಪ ಆರಿಸಿದ ಅವಧಿಯವರೆಗೆ ಖಾತೆ ಬಳಕೆಯಾಗದಿದ್ದರೆ, ಅವರು ಗುರುತು ಹಾಕಿದ ಫೋಟೋ, ಫೈಲುಗಳನ್ನು ಇಳಿಸಿಕೊಳ್ಳಲು ನಿಮಗೆ ಮೇಲ್ ಬರುತ್ತದೆ. ಕನಿಷ್ಠ ಅವಧಿಯೇ 3 ತಿಂಗಳು, ಆದ್ದರಿಂದ ಇದು ಆಸ್ಪತ್ರೆಯ ತುರ್ತಿಗೆ ಉಪಯೋಗವಿಲ್ಲ. ಏನೂ ಮಾಡದೆ ಬಿಟ್ಟರೆ, 2 ವರ್ಷ ಬಳಕೆಯಾಗದ ಖಾತೆಯನ್ನು ಗೂಗಲ್ ಅಳಿಸಬಹುದು.

ಎರಡನೇ ಹಾಳೆ ಹಣ ಕಟ್ಟಾಗುವ ಬಾಬ್ತುಗಳದ್ದು. ನೆನಪಿನಿಂದ ಬರೆಯಬೇಡಿ, 13 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಕೊಂಡು ಕೂತು ನೋಡಿ. ವರ್ಷಕ್ಕೊಮ್ಮೆ ಕಟ್ಟಾಗುವ ಪ್ರೀಮಿಯಂ, ಸ್ಟೋರೇಜ್ ಬಾಡಿಗೆ ಆರು ತಿಂಗಳ ಸ್ಟೇಟ್‌ಮೆಂಟಿನಲ್ಲಿ ಕಾಣದೇ ಹೋಗಬಹುದು. ACH, NACH, MANDATE ಎಂದಿರುವ ಸಾಲುಗಳನ್ನು ಗುರುತು ಮಾಡಿ. ಅಪ್ಪ ಬಳಸುವ ಯುಪಿಐ ಆಪ್‌ನ Autopay ಪುಟವನ್ನೂ, ಕ್ರೆಡಿಟ್ ಕಾರ್ಡ್ ಇದ್ದರೆ ಅದರ ಸ್ಟೇಟ್‌ಮೆಂಟನ್ನೂ ಬೇರೆಯಾಗಿ ನೋಡಬೇಕು.

ಒಂದು ಸಾಲು ಹೀಗಿರಲಿ: ‘ಬೆಸ್ಕಾಂ ಕರೆಂಟ್ ಬಿಲ್, ಆರ್.ಆರ್. ನಂಬರ್ ಇಂಥದು, ಪ್ರತಿ ತಿಂಗಳು ಅಪ್ಪನ ಉಳಿತಾಯ ಖಾತೆಯಿಂದ ತಾನೇ ಕಟ್ಟಾಗುತ್ತದೆ, ನಿಂತರೆ ಅಮ್ಮನ ಖಾತೆಯಿಂದ ಕಟ್ಟಿ.’ ಕೊನೆಯ ಮಾತೇ ಮುಖ್ಯ. ತೀರಿಕೊಂಡ ಸುದ್ದಿ ತಿಳಿಸಿದ ಮೇಲೆ ಬ್ಯಾಂಕ್ ಖಾತೆಯ ವಹಿವಾಟು ನಿಲ್ಲಿಸುತ್ತದೆ, ಜೊತೆಗೆ ಆಟೋಪೇಗಳೂ ನಿಲ್ಲುತ್ತವೆ. ಪ್ರತಿ ಸಾಲಿನ ಎದುರು ‘ಉಳಿಸಿ’, ‘ನಿಲ್ಲಿಸಿ’, ‘ಕ್ಲೇಮ್ ಮಾಡಿ’ ಇವುಗಳಲ್ಲಿ ಒಂದನ್ನು ಬರೆದರೆ ಅಮ್ಮ ಯಾರನ್ನೂ ಕೇಳಬೇಕಿಲ್ಲ.

ಬ್ಯಾಂಕಿನ ಸಾಲಿನಲ್ಲಿ ಎಟಿಎಂ ಪಿನ್, ಯುಪಿಐ ಪಿನ್ ಬೇಡವೇ ಬೇಡ. ಬ್ಯಾಂಕು, ಶಾಖೆ, ಖಾತೆಯ ಕೊನೆಯ ನಾಲ್ಕು ಅಂಕಿ, ನಾಮಿನಿ ಯಾರು, ಇಷ್ಟು ಸಾಕು. ತೀರಿಕೊಂಡವರ ಯುಪಿಐನಿಂದ ಹಣ ತೆಗೆದರೆ ಆಮೇಲೆ ವಾರಸುದಾರರ ನಡುವೆ ತಕರಾರಿಗೆ ದಾರಿ. ಅಪ್ಪ ಹಾಸಿಗೆ ಹಿಡಿದಿರುವಾಗಲೂ ಹಣ ಸಿಗಬೇಕೆಂದರೆ ಒಂದು ಖಾತೆಯನ್ನು ಅಮ್ಮನ ಜೊತೆ ‘ಐದರ್ ಆರ್ ಸರ್ವೈವರ್’ ಜಂಟಿ ಖಾತೆ ಮಾಡಿಸಿ, ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದಾದ ಖಾತೆ. ಅಪ್ಪ ಬದುಕಿರುವಾಗ ನಾಮಿನಿಗೆ ಹಣ ತೆಗೆಯುವ ಹಕ್ಕಿಲ್ಲ.

ಎಕ್ಸೆಲ್ ಬದಲು ಕಾಗದವೇ ಒಳ್ಳೆಯದು. ಲ್ಯಾಪ್‌ಟಾಪ್ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಆ ಫೈಲೂ ಸಿಗುವುದಿಲ್ಲ. ಮೊದಲ ಹಾಳೆ ಅಂಟಿಸಿದ ಕವರಿನಲ್ಲಿ ಬೀರುವಿನೊಳಗಿರಲಿ, ಎರಡನೆಯದರ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ. ಕವರ್ ಅಂಟಿಸುವ ಮುಂಚೆ ಅಪ್ಪ ಪಕ್ಕದಲ್ಲಿದ್ದಾಗಲೇ ಅಮ್ಮನಿಗೆ ಹಾಳೆ ಕೊಡಿ. ಫೋನ್ ಆಫ್ ಮಾಡಿ ಆನ್ ಮಾಡಲಿ, ಇನ್ನೊಂದು ಫೋನಿನಿಂದ ಬ್ಯಾಕಪ್ ಕೋಡ್ ಹಾಕಿ ಜಿಮೇಲ್ ತೆರೆಯಲಿ. ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ಬಿಡಿಸಿ ಬರೆಯಿರಿ, ಬಳಸಿದ ಕೋಡನ್ನು ಹೊಡೆದುಹಾಕಿ.