ಬೋರ್ಡ್ ಇಲ್ಲ ಅಂದ್ರೆ ಪಾರ್ಕಿಂಗ್ ಜಾಗ ಅಂತಲ್ಲ

ಪ್ರಶ್ನೆ: ತುಮಕೂರಿನ ಮಂಡಿಪೇಟೆಗೆ ದಿನಸಿ ತರಲು ಹೋಗಿದ್ದೆ. ಓಣಿ ತಿರುವಿನಲ್ಲಿ ಆಗಲೇ ಸಾಲಾಗಿ ನಿಂತಿದ್ದ ಬೈಕ್‌ಗಳ ಮಗ್ಗುಲಲ್ಲಿ, ರಸ್ತೆಯ ಕಡೆಗೆ ನನ್ನ ಸ್ಕೂಟರ್ ನಿಲ್ಲಿಸಿದೆ. ನೋ ಪಾರ್ಕಿಂಗ್ ಬೋರ್ಡ್ ಎಲ್ಲೂ ಇರಲಿಲ್ಲ. ಹತ್ತು ನಿಮಿಷದಲ್ಲಿ ಬಂದರೆ ಗಾಡಿಯನ್ನು ಎತ್ತಿಕೊಂಡು ಹೋಗಿದ್ದರು. ನಾನ್ಯಾಕೆ ದಂಡ ಕಟ್ಟಬೇಕು?

ಉತ್ತರ: ಬೋರ್ಡ್ ಹುಡುಕುವುದನ್ನು ಮೊದಲು ಬಿಡಿ. ಈ ಮಾತು ಹೇಳಿ ಹೇಳಿ ನನಗೆ ಸಾಕಾಗಿದೆ. ಕೆಲವು ಜಾಗಗಳಲ್ಲಿ ಗಾಡಿ ನಿಲ್ಲಿಸಬಾರದು ಅಂತ ವಾಹನ ಚಾಲನಾ ನಿಯಮಗಳೇ ಹೇಳುತ್ತವೆ. ರಸ್ತೆ ಕೂಡುವ ಕಡೆ, ತಿರುವು, ಫುಟ್‌ಪಾತ್, ಬಸ್ ಸ್ಟಾಪ್ ಹತ್ತಿರ, ಇನ್ನೊಬ್ಬರ ಗೇಟ್ ಮುಂದೆ, ಆಗಲೇ ನಿಂತಿರುವ ಗಾಡಿಯ ಮಗ್ಗುಲಲ್ಲಿ ರಸ್ತೆಯ ಕಡೆಗೆ ಎರಡನೇ ಸಾಲಾಗಿ. ಇಲ್ಲೆಲ್ಲ ಬೋರ್ಡ್ ಬೇಕಾಗಿಲ್ಲ. ನೀವು ಇದರಲ್ಲಿ ಎರಡು ತಪ್ಪನ್ನು ಒಟ್ಟಿಗೆ ಮಾಡಿದ್ದೀರಿ: ತಿರುವಿನಲ್ಲಿ ನಿಲ್ಲಿಸಿದ್ದು, ಎರಡನೇ ಸಾಲಿನಲ್ಲಿ ನಿಲ್ಲಿಸಿದ್ದು.

ತಿರುವಿನ ವಿಷಯದಲ್ಲಿ ಯಾಕಿಷ್ಟು ಬಿಗಿ ಅಂತ ನೋಡಿ. ಮಂಡಿಪೇಟೆಗೆ ಮೂಟೆ ಇಳಿಸುವ ಲಾರಿ ಬರುತ್ತದೆ. ಲಾರಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಹೋಗುವುದಿಲ್ಲ, ಮೂಲೆಯ ಕಡೆಗೆ ಒಳಗೆ ಸರಿಯುತ್ತದೆ. ಮೂಲೆಯಲ್ಲಿ ಒಂದು ಸ್ಕೂಟರ್ ಇದ್ದರೂ ಲಾರಿ ಒಂದೇ ಸಲಕ್ಕೆ ತಿರುಗಲು ಆಗುವುದಿಲ್ಲ. ಹಿಂದೆ ಮುಂದೆ ಆಡಿಸಬೇಕು. ಅಷ್ಟರಲ್ಲಿ ಹಿಂದಿನ ಆಟೋಗಳೆಲ್ಲ ನಿಂತು ಓಣಿಯೇ ಕಟ್ಟಿಕೊಳ್ಳುತ್ತದೆ. ನನ್ನ ಬೈಕಿನ ಸೈಲೆನ್ಸರ್ ಒಮ್ಮೆ ಹೀಗೇ ಜಜ್ಜಿಹೋಯಿತು. ಅದಾದ ಮೇಲೆ ನಾನು ಮೂಲೆಯಿಂದ ಕನಿಷ್ಠ ನಾಲ್ಕೈದು ಅಂಗಡಿ ದೂರ ಹೋಗಿಯೇ ನಿಲ್ಲಿಸುವುದು.

"ಹತ್ತೇ ನಿಮಿಷ" ಅನ್ನುವುದೂ ನಡೆಯುವುದಿಲ್ಲ. ಜನರನ್ನೋ ಸಾಮಾನನ್ನೋ ಇಳಿಸಿ ತಕ್ಷಣ ಹೊರಟರೆ ಅದು ಪಾರ್ಕಿಂಗ್ ಅಲ್ಲ. ಗಾಡಿ ಬಿಟ್ಟು ಅಂಗಡಿಗೆ ಹೋದರೆ ಪಾರ್ಕಿಂಗೇ.

ಇನ್ನು ದಂಡ. ರಸೀದಿಯಲ್ಲಿ ಯಾವ ಸೆಕ್ಷನ್ ಬರೆದಿದ್ದಾರೆ ನೋಡಿ. ಮೋಟಾರು ವಾಹನ ಕಾಯ್ದೆಯ 177 ಅಂದರೆ ಸಾಮಾನ್ಯ ನಿಯಮ ಮುರಿದದ್ದು. 2019ರ ತಿದ್ದುಪಡಿ ಪ್ರಕಾರ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1,500 ರೂಪಾಯಿವರೆಗೆ. 201 ಅಂದರೆ ಸಂಚಾರಕ್ಕೆ ಅಡ್ಡಿ, ಅದಕ್ಕೆ 500 ರೂಪಾಯಿವರೆಗೆ. ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ. ಗಾಡಿ ಎತ್ತಿದ ಖರ್ಚು ಬೇರೆ, ಅದೂ ನಿಮ್ಮದೇ. ಎರಡಕ್ಕೂ ರಸೀದಿ ಕೇಳಿ. ತಪ್ಪು ಮಾಡಿಲ್ಲ ಅನಿಸಿದರೆ ಸ್ಥಳದಲ್ಲಿ ಕಟ್ಟದೆ ಕೋರ್ಟಿಗೆ ಹೋಗುವ ಹಕ್ಕು ಇದೆ. ನಿಮ್ಮ ಕೇಸಿನಲ್ಲಿ ಮಾತ್ರ ಬೇಡ, ಸುಮ್ನೆ ಓಡಾಟ ಆಗುತ್ತದೆ.

ನಿಮ್ಮ ಪರವಾಗಿಯೂ ಒಂದು ಮಾತಿದೆ. 127ನೇ ಸೆಕ್ಷನ್ ಪ್ರಕಾರ ಗಾಡಿ ಎತ್ತಲು ಸಮವಸ್ತ್ರದಲ್ಲಿರುವ ಪೊಲೀಸರ ಅಪ್ಪಣೆ ಬೇಕು. ಟೋಯಿಂಗ್ ಹುಡುಗರು ತಾವೇ ನಿರ್ಧಾರ ಮಾಡುವ ಹಾಗಿಲ್ಲ. ಗಾಡಿ ಬಿಡಿಸಿಕೊಳ್ಳುವಾಗ ಅಲ್ಲಿಯೇ ಸುತ್ತ ನೋಡಿ, ಹೊಸ ಗೀರು ಕಂಡರೆ ಫೋಟೋ ತೆಗೆದು ಅಲ್ಲೇ ಬರೆದುಕೊಡಿ. ಮನೆಗೆ ಬಂದು ನೋಡಿಕೊಂಡರೆ ಯಾರೂ ಒಪ್ಪುವುದಿಲ್ಲ.

ಪ್ರಶ್ನೆ: ಹ್ಯಾಂಡಲ್ ಲಾಕ್ ಮಾಡಿದರೆ ಗಾಡಿ ಎತ್ತಲು ಆಗಲ್ಲವಂತೆ, ನಿಜಾನಾ?

ಉತ್ತರ: ಸುಳ್ಳು. ಲಾಕ್ ಇದ್ದರೂ ಎತ್ತುತ್ತಾರೆ. ಲಾಕ್ ಇರುವುದು ಕಳ್ಳರಿಗೆ, ಅದಕ್ಕಾಗಿ ತಪ್ಪದೆ ಹಾಕಿ.

ಪ್ರಶ್ನೆ: ಗಾಡಿ ಮೇಲೆ 'ಪ್ರೆಸ್' ಅಂತ ಸ್ಟಿಕ್ಕರ್ ಇದ್ದರೆ?

ಉತ್ತರ: ಅದಕ್ಕೆ ಯಾವ ವಿನಾಯಿತಿಯೂ ಇಲ್ಲ.

ಪ್ರಶ್ನೆ: ಸಂತೆಬೀದಿಯಲ್ಲಿ ಗಾಡಿ ಪದೇ ಪದೇ ಬೀಳುತ್ತದೆ. ಏನು ಮಾಡಲಿ?

ಉತ್ತರ: ಪಕ್ಕದವರು ಗಾಡಿ ಎಳೆಯುವಾಗ ನಿಮ್ಮದು ಬೀಳುತ್ತದೆ. ಸಮತಟ್ಟು ಜಾಗ ಇದ್ದರೆ ಮೈನ್ ಸ್ಟ್ಯಾಂಡ್ ಹಾಕಿ. ಸೈಡ್ ಸ್ಟ್ಯಾಂಡ್ ಆದರೆ ಹ್ಯಾಂಡಲ್ ಎಡಕ್ಕೆ ತಿರುಗಿಸಿ ಲಾಕ್ ಮಾಡಿ, ಗೇರ್ ಬೈಕ್ ಆದರೆ ಗೇರಿನಲ್ಲಿ ಬಿಡಿ. ಇಳಿಜಾರಿನಲ್ಲಿ ಮುಂದಿನ ಚಕ್ರ ಏರಿನ ಕಡೆ ಇರಲಿ. ಮಣ್ಣು ಮೆತ್ತಗಿದ್ದರೆ ಸ್ಟ್ಯಾಂಡ್ ಕೆಳಗೆ ಚಪ್ಪಟೆ ಕಲ್ಲು ಇಡಿ.

ಪ್ರಶ್ನೆ: ದಂಡ ಬಾಕಿ ಇದೆ ಅಂತ ವಾಟ್ಸ್ಆ್ಯಪ್‌ನಲ್ಲಿ ಒಂದು ಫೈಲ್ ಬಂದಿದೆ. ಏಜೆಂಟ್ ಒಬ್ಬರು ಅರ್ಧ ದುಡ್ಡಿಗೆ ಮುಗಿಸುತ್ತೇನೆ ಅನ್ನುತ್ತಾರೆ.

ಉತ್ತರ: ಫೈಲ್ ಹೆಸರಿನ ಕೊನೆಗೆ `.apk` ಅಂತ ಇದ್ದರೆ ಮುಟ್ಟಲೇಬೇಡಿ, ಅದು ನಿಮ್ಮ ಬ್ಯಾಂಕಿನ ದುಡ್ಡಿಗೆ ಹಾಕಿದ ಗಾಳ. ಏಜೆಂಟರಿಗೆ ಒಂದು ಪೈಸೆಯನ್ನೂ ಕೊಡಬೇಡಿ. `echallan.parivahan.gov.in` ಅಂತ ನೀವೇ ಟೈಪ್ ಮಾಡಿ, ಗಾಡಿ ನಂಬರ್ ಹಾಕಿ ನೋಡಿ. ಅಥವಾ ಸಂಚಾರ ಠಾಣೆಗೆ ಹೋಗಿ ಕೇಳಿ.